ಫ್ರೀಲ್ಯಾನ್ಸ್ ಬರಹಗಾರರಿಗೆ ಬ್ರೀಫ್ ಬರೆಯುವುದು ಹೇಗೆ? ಕೊಳೆರೋಗದ ಒಂದು ಲೇಖನ ಇಟ್ಟುಕೊಂಡು ನೋಡೋಣ

"ಅಡಿಕೆ ಕೊಳೆರೋಗದ ಬಗ್ಗೆ ಸಾವಿರ ಪದದ ಲೇಖನ ಬೇಕು. ಏಪ್ರಿಲ್ ಕೊನೆಗೆ ಕೊಡಿ."

ಫ್ರೀಲ್ಯಾನ್ಸ್ ಬರಹಗಾರರಿಗೆ ಹೋಗುವ ಕೆಲಸದಲ್ಲಿ ಜಾಸ್ತಿ ಪಾಲು ಹೀಗೇ ಇರುತ್ತದೆ, ವಾಟ್ಸಾಪ್‌ನಲ್ಲಿ ಒಂದೆರಡು ಸಾಲು. ಬರಹಗಾರರು ಒಪ್ಪಿಕೊಳ್ಳುತ್ತಾರೆ, ಹೇಳಿದ ದಿನಕ್ಕೆ ಸಾವಿರ ಪದ ಬರುತ್ತದೆ. ಮೊದಲ ಮುನ್ನೂರು ಪದ ಅಡಿಕೆ ಮಲೆನಾಡಿನ ಬೆನ್ನೆಲುಬು ಅನ್ನುವುದಕ್ಕೇ ಹೋಗಿರುತ್ತದೆ. ನಡುವೆ ಎಲೆಚುಕ್ಕೆ ರೋಗ ಬಂದಿರುತ್ತದೆ, ಹಳದಿ ಎಲೆ ರೋಗವೂ ಬಂದಿರುತ್ತದೆ. ಔಷಧಿಯ ಅಳತೆ ಎಲ್ಲಿಂದ ಬಂತು ಅಂತ ಕೇಳಿದರೆ ಉತ್ತರ ಇಲ್ಲ. ಸಂಪಾದಕರು ತಿದ್ದಲು ಕೂರುತ್ತಾರೆ, ಮೂರನೇ ಸಲ ವಾಪಸ್ ಕಳಿಸುವ ಹೊತ್ತಿಗೆ ಇಬ್ಬರಿಗೂ ಬೇಸರ. ಅಷ್ಟರಲ್ಲಿ ಮಳೆ ಶುರುವಾಗಿರುತ್ತದೆ, ಅಡಿಕೆ ಕಾಯಿ ಕೊಳೆತು ಉದುರುವ ಈ ರೋಗ ಬರುವುದೇ ಮಳೆಗಾಲದಲ್ಲಿ.

ಇಲ್ಲಿ ಬರಹಗಾರರ ತಪ್ಪು ಕಡಿಮೆ. ಯಾರಿಗೆ, ಏನನ್ನು, ಎಲ್ಲಿಂದ ತಂದು ಹೇಳಬೇಕು ಅನ್ನುವುದನ್ನು ಕೆಲಸ ಕೊಟ್ಟವರೇ ತೀರ್ಮಾನ ಮಾಡಿರಲಿಲ್ಲ. ಆ ತೀರ್ಮಾನಗಳನ್ನೆಲ್ಲ ಒಂದು ಕಡೆ ಬರೆದಿಟ್ಟರೆ ಅದೇ ಬ್ರೀಫ್. ಶಿವಮೊಗ್ಗದಲ್ಲಿ ಕೂತು ಕನ್ನಡದಲ್ಲಿ ಕೃಷಿ ಲೇಖನ ಬರೆಸುವ ಕೆಲಸ ನನ್ನದು. ಹಾಗಾಗಿ ಇದೇ ಕೊಳೆರೋಗದ ಲೇಖನವನ್ನು ಹಿಡಿದು, ಬ್ರೀಫನ್ನು ಮೊದಲಿನಿಂದ ಕೊನೆಯವರೆಗೆ ಕಟ್ಟುತ್ತಾ ಹೋಗುತ್ತೇನೆ. ನಿಮ್ಮ ವಿಷಯ ಬೇರೆ ಇರಬಹುದು, ಆದರೆ ಹೆಜ್ಜೆಗಳ ಸಾಲು ಇದೇ ಇರಲಿ. ಓದುಗರು ಮೊದಲು, ಆಮೇಲೆ ಆ್ಯಂಗಲ್, ಆಮೇಲೆ ಕೀವರ್ಡ್, ಆಮೇಲೆ ಮೂಲಗಳು. ತುಂಬಾ ಜನ ಕೀವರ್ಡ್‌ನಿಂದ ಶುರು ಮಾಡುತ್ತಾರೆ. ಹಾಗೆ ಮಾಡಿದರೆ ಲೇಖನ ಗೂಗಲ್‌ಗೆ ಬರೆದ ಹಾಗೆ ಇರುತ್ತದೆ, ತೋಟಕ್ಕೆ ಬರೆದ ಹಾಗೆ ಇರುವುದಿಲ್ಲ.

## ಹೆಜ್ಜೆ 1: ಓದುವವರು ಯಾರು, ಓದಿ ಏನು ಮಾಡುತ್ತಾರೆ

"ಓದುಗರು: ಅಡಿಕೆ ಬೆಳೆಗಾರರು" ಅಂತ ಬರೆದರೆ ಏನೂ ಬರೆದ ಹಾಗಾಗಲಿಲ್ಲ. ಚನ್ನಗಿರಿ ಕಡೆಯ ಬಯಲಿನಲ್ಲಿ ಬೋರ್‌ವೆಲ್ ನೀರು ಕೊಟ್ಟು ತೋಟ ಮಾಡಿದವರೂ ಅಡಿಕೆ ಬೆಳೆಗಾರರೇ. ಆಗುಂಬೆ ಘಟ್ಟದ ಬುಡದಲ್ಲಿ ತೋಟ ಇರುವವರೂ ಅಡಿಕೆ ಬೆಳೆಗಾರರೇ. ಕೊಳೆರೋಗದ ಭಯ ಇಬ್ಬರಿಗೂ ಒಂದೇ ಅಲ್ಲ. ಎಡೆಬಿಡದೆ ಮಳೆ ಸುರಿದು, ಗಾಳಿಯಲ್ಲಿ ತೇವ ತುಂಬಿಕೊಂಡಿರುವ ಕಡೆ ಅದು ಜೋರು. ಹಾಗಾಗಿ ನಮ್ಮ ಓದುಗರು ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯವರು. ಎರಡು ಮೂರು ಎಕರೆ ತೋಟ. ತಾವೇ ಮರ ಹತ್ತುವುದಿಲ್ಲ, ಔಷಧಿ ಹೊಡೆಯುವವರನ್ನು ಕರೆಸುತ್ತಾರೆ. ಆದರೆ ದ್ರಾವಣ ಕಲಸುವ ಜಾಗದಲ್ಲಿ ನಿಂತಿರುತ್ತಾರೆ.

ಈ ಕೊನೆಯ ವಿವರ ಚಿಕ್ಕದಾಗಿ ಕಾಣಿಸುತ್ತದೆ, ಆದರೆ ಇಡೀ ಲೇಖನದ ದಾರಿಯನ್ನು ಅದೇ ಬದಲಿಸುತ್ತದೆ. ಮರ ಹತ್ತುವವರಿಗೆ ಬರೆಯುವುದಾದರೆ ಅಡಿಕೆ ಗೊನೆಯ ಯಾವ ಭಾಗಕ್ಕೆ ಹೇಗೆ ಹೊಡೆಯಬೇಕು ಅನ್ನುವುದು ಮುಖ್ಯ. ಕೆಳಗೆ ನಿಂತು ಡ್ರಮ್ ನೋಡಿಕೊಳ್ಳುವವರಿಗೆ ಬರೆಯುವುದಾದರೆ ದ್ರಾವಣ ಸರಿಯಾಗಿದೆಯೋ ಇಲ್ಲವೋ ಅನ್ನುವುದು ಮುಖ್ಯ.

ಇನ್ನೊಂದು ವಿಷಯ ಇದೆ. ಗೂಗಲ್‌ನಲ್ಲಿ ಹುಡುಕುವವರು ಮತ್ತು ಲೇಖನ ಬಳಸುವವರು ಒಂದೇ ಜನ ಆಗಿರಬೇಕಾಗಿಲ್ಲ. ಎಷ್ಟೋ ಮನೆಗಳಲ್ಲಿ ಬೆಂಗಳೂರಿನಲ್ಲಿರುವ ಮಗನೋ ಮಗಳೋ ಹುಡುಕಿ, ಊರಿನ ಅಪ್ಪನಿಗೆ ವಾಟ್ಸಾಪ್‌ನಲ್ಲಿ ಕಳಿಸುತ್ತಾರೆ. ಹಾಗಿದ್ದರೆ ಲೇಖನದ ಮುಖ್ಯ ಭಾಗ ಒಂದೇ ಸ್ಕ್ರೀನ್‌ಶಾಟ್‌ನಲ್ಲಿ ಹಿಡಿಯುವ ಹಾಗಿರಬೇಕು. ಇದನ್ನು ಬರಹಗಾರರು ಊಹಿಸಲು ಆಗುವುದಿಲ್ಲ, ಬ್ರೀಫಿನಲ್ಲಿ ಬರೆದೇ ಹೇಳಬೇಕು.

ಈ ಭಾಗದ ಕೊನೆಯಲ್ಲಿ ಒಂದು ಸಾಲು ಕಡ್ಡಾಯ: ಓದಿದ ಮೇಲೆ ಅವರು ಏನು ಮಾಡುತ್ತಾರೆ? "ಕೊಳೆರೋಗದ ಬಗ್ಗೆ ತಿಳಿದುಕೊಳ್ಳುತ್ತಾರೆ" ಅನ್ನುವುದು ಉತ್ತರ ಅಲ್ಲ. "ದ್ರಾವಣ ಪಂಪಿಗೆ ಹಾಕುವ ಮೊದಲು ಕಬ್ಬಿಣದ ಚಾಕು ಅದ್ದಿ ಪರೀಕ್ಷೆ ಮಾಡುತ್ತಾರೆ." ಇದು ಉತ್ತರ. ಕಣ್ಣಿಗೆ ಕಾಣುವ ಕೆಲಸ ಒಂದನ್ನು ಬರೆಯಲು ಆಗುತ್ತಿಲ್ಲ ಅಂದರೆ ಲೇಖನ ಯಾಕೆ ಬೇಕು ಅಂತ ನಮಗೇ ಇನ್ನೂ ಗೊತ್ತಾಗಿಲ್ಲ. ಅಲ್ಲಿಗೇ ನಿಂತು ಯೋಚಿಸಿ, ಮುಂದಕ್ಕೆ ಹೋಗಬೇಡಿ.

## ಹೆಜ್ಜೆ 2: ಆ್ಯಂಗಲ್ ಒಂದೇ ವಾಕ್ಯದಲ್ಲಿ

ವಿಷಯ ಬೇರೆ, ಆ್ಯಂಗಲ್ ಬೇರೆ. "ಕೊಳೆರೋಗ ನಿಯಂತ್ರಣ" ಒಂದು ವಿಷಯ. ಅದರಲ್ಲಿ ನಾವು ಎತ್ತಿ ಹಿಡಿಯುವ ಒಂದೇ ಒಂದು ಮಾತು ಆ್ಯಂಗಲ್.

ಅದನ್ನು ಹುಡುಕಲು ನಾನು ಎರಡು ಕೆಲಸ ಮಾಡುತ್ತೇನೆ. ಮೊದಲು ಫೋನಿನಲ್ಲಿ "ಅಡಿಕೆ ಕೊಳೆರೋಗ" ಅಂತ ಹುಡುಕಿ, ಮೊದಲ ಪುಟದಲ್ಲಿ ಬಂದದ್ದನ್ನೆಲ್ಲ ತೆರೆದು ಓದುತ್ತೇನೆ. ಎಲ್ಲರೂ ಹೇಳಿರುವುದನ್ನು ಒಂದು ಕಡೆ ಬರೆದುಕೊಳ್ಳುತ್ತೇನೆ. ಯಾರೂ ಹೇಳದೆ ಬಿಟ್ಟದ್ದನ್ನು ಇನ್ನೊಂದು ಕಡೆ. ಆಮೇಲೆ ಇಬ್ಬರು ಮೂವರು ಬೆಳೆಗಾರರಿಗೆ ಫೋನ್ ಮಾಡಿ ಕೇಳುತ್ತೇನೆ: "ಹೋದ ವರ್ಷ ಔಷಧಿ ಹೊಡೆದೂ ಕೊಳೆ ಬಂತಾ? ಯಾಕೆ ಬಂತು ಅನ್ನಿಸುತ್ತೆ?"

ಈ ಪ್ರಶ್ನೆಗೆ ಬರುವ ಉತ್ತರದಲ್ಲೇ ಆ್ಯಂಗಲ್ ಇರುತ್ತದೆ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ಅಳತೆ ಎಲ್ಲ ಕಡೆ ಸಿಗುತ್ತದೆ. ಶೇಕಡಾ 1ರ ದ್ರಾವಣಕ್ಕೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ಇದು ಬೆಳೆಗಾರರಿಗೆ ಬಾಯಿಪಾಠ. ಕೆಲಸ ಕೆಡುವುದು ಸುಣ್ಣದಲ್ಲಿ. ಗಾಳಿಗೆ ಬಿಟ್ಟ ಹಳೆಯ ಸುಣ್ಣಕ್ಕೆ ಶಕ್ತಿ ಇರುವುದಿಲ್ಲ. ತಕ್ಕಡಿಯಲ್ಲಿ ಒಂದು ಕಿಲೋ ತೂಗಿದರೂ ಮೈಲುತುತ್ತದ ಹುಳಿಯನ್ನು ತಗ್ಗಿಸಲು ಅದು ಸಾಲುವುದಿಲ್ಲ. ಹಾಗೆ ಉಳಿದ ಮೈಲುತುತ್ತದ ತಾಮ್ರ ಎಳೆಯ ಕಾಯಿಯನ್ನು ಸುಡಬಹುದು. ಇದನ್ನು ಕಂಡುಹಿಡಿಯಲು ತೋಟದಲ್ಲೇ ಸುಲಭದ ಪರೀಕ್ಷೆ ಇದೆ. ಒಳ್ಳೆ ತೊಳೆದ ಕಬ್ಬಿಣದ ಚಾಕುವನ್ನು ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದಿಡಬೇಕು. ತೆಗೆದಾಗ ಅಲಗಿನ ಮೇಲೆ ಕೆಂಪು ಕಂದು ಲೇಪ ಕೂತಿದ್ದರೆ ಸುಣ್ಣ ಕಡಿಮೆಯಾಗಿದೆ ಅಂತ ಅರ್ಥ. ಚಾಕು ಇದ್ದ ಹಾಗೇ ಬರುವ ತನಕ ಸುಣ್ಣದ ತಿಳಿ ಸೇರಿಸುತ್ತಾ ಹೋಗಬೇಕು.

ಹಾಗಾದರೆ ಆ್ಯಂಗಲ್ ಹೀಗೆ: "ಅಳತೆ ಸರಿ ಇದ್ದ ಮಾತ್ರಕ್ಕೆ ದ್ರಾವಣ ಸರಿ ಇರಬೇಕೆಂದಿಲ್ಲ, ಹೊಡೆಯುವ ಮೊದಲು ಎರಡು ನಿಮಿಷ ಪರೀಕ್ಷೆ ಮಾಡಿ."

ಸರಿಯಾದ ಆ್ಯಂಗಲ್ಲಾ ಅಂತ ನೋಡಲು ಒಂದು ದಾರಿ ಇದೆ. ಅದಕ್ಕೆ "ಇಲ್ಲ, ಹಾಗೇನಿಲ್ಲ" ಅಂತ ಯಾರಾದರೂ ಹೇಳಲು ಸಾಧ್ಯ ಇರಬೇಕು. "ಕೊಳೆರೋಗ ತಡೆಯುವುದು ಮುಖ್ಯ" ಅನ್ನುವುದಕ್ಕೆ ಯಾರೂ ಅಲ್ಲ ಅನ್ನುವುದಿಲ್ಲ. ಹಾಗಾಗಿ ಅದು ಆ್ಯಂಗಲ್ ಅಲ್ಲ. ನಮ್ಮ ವಾಕ್ಯಕ್ಕೆ ಒಬ್ಬ ಬೆಳೆಗಾರರು ಖಂಡಿತ ಎದುರು ಮಾತಾಡುತ್ತಾರೆ: "ನಮ್ಮಪ್ಪನ ಕಾಲದಿಂದ ಸಮ ಸಮ ಹಾಕಿದ್ದೇವೆ, ಏನಾಗಿದೆ?" ಲೇಖನ ಅವರ ಜೊತೆ ಮಾತಾಡಬೇಕು.

ಆ್ಯಂಗಲ್ ಪಕ್ಕದಲ್ಲೇ ಏನು ಬೇಡ ಅನ್ನುವುದನ್ನೂ ಬರೆಯಿರಿ. ಬರಹಗಾರರಿಗೆ ಇದು ದೊಡ್ಡ ಉಪಕಾರ. ಎಲೆಚುಕ್ಕೆ ರೋಗ ಬೇಡ. ಹಳದಿ ಎಲೆ ರೋಗ ಬೇಡ. ಅಡಿಕೆ ಧಾರಣೆ ಬೇಡ. ಇತಿಹಾಸವೂ ಬೇಡ. ಮೈಸೂರು ಸರ್ಕಾರದ ವಿಜ್ಞಾನಿಯಾಗಿದ್ದ ಲೆಸ್ಲಿ ಕೋಲ್ಮನ್ 1910ರಲ್ಲೇ ಮಲೆನಾಡಿನ ಕೊಳೆರೋಗದ ಬಗ್ಗೆ ವಿವರವಾಗಿ ಬರೆದಿದ್ದರು. ನನಗೆ ತುಂಬಾ ಇಷ್ಟದ ಕಥೆ ಅದು. ಆದರೆ ನಾಳೆ ಬೆಳಿಗ್ಗೆ ಡ್ರಮ್ ಮುಂದೆ ನಿಲ್ಲುವವರಿಗೆ ಅದು ಬೇಕಾಗಿಲ್ಲ. ಅದಕ್ಕೆ ಬೇರೆ ಲೇಖನ ಬರೆಸಿದರಾಯಿತು.

## ಹೆಜ್ಜೆ 3: ಕೀವರ್ಡ್, ಕನ್ನಡದ ಲೆಕ್ಕದಲ್ಲಿ

ಇಲ್ಲಿ ಸ್ವಲ್ಪ ನಿಧಾನಕ್ಕೆ ಹೋಗೋಣ, ಯಾಕೆಂದರೆ ಇಂಗ್ಲಿಷ್ ಲೇಖನಗಳಿಗೆ ಹೇಳುವ ಕ್ರಮ ನಮಗೆ ನೇರವಾಗಿ ಹೊಂದುವುದಿಲ್ಲ.

ಕೀವರ್ಡ್ ಟೂಲ್‌ಗಳಲ್ಲಿ ಕನ್ನಡ ಪದ ಹಾಕಿದರೆ ಹಲವು ಸಲ ಸೊನ್ನೆ ಬರುತ್ತದೆ, ಇಲ್ಲವೇ ಬರೀ ಗೆರೆ ಕಾಣುತ್ತದೆ. ಅದನ್ನು ನೋಡಿ ಯಾರೂ ಹುಡುಕುತ್ತಿಲ್ಲ ಅಂದುಕೊಳ್ಳಬೇಡಿ. ಹುಡುಕುವವರು ಹತ್ತಾರು ರೀತಿಯಲ್ಲಿ ಬರೆಯುತ್ತಾರೆ, ಹಾಗಾಗಿ ಒಂದೊಂದು ರೂಪಕ್ಕೂ ಲೆಕ್ಕ ಸಣ್ಣದಾಗುತ್ತದೆ, ಅಷ್ಟೇ. ಕೊಳೆರೋಗ ಅಂತ ಒಟ್ಟಿಗೆ ಬರೆಯುವವರಿದ್ದಾರೆ, ಕೊಳೆ ರೋಗ ಅಂತ ಬಿಡಿಸಿ ಬರೆಯುವವರಿದ್ದಾರೆ. ಅಡಿಕೆ ಅನ್ನುವವರು, ಅಡಕೆ ಅನ್ನುವವರು. ಬೋರ್ಡೋ, ಬೋರ್ಡೊ, ದ್ರಾವಣ, ಮಿಶ್ರಣ. ಇನ್ನು ಕನ್ನಡ ಕೀಲಿಮಣೆ ಬಳಸದವರು "adike koleroga", "bordo dravana" ಅಂತ ಇಂಗ್ಲಿಷ್ ಅಕ್ಷರದಲ್ಲಿ ಬರೆಯುತ್ತಾರೆ. ಮೈಕ್ ಒತ್ತಿ ಮಾತಾಡುವವರು ಪೂರ್ತಿ ಪ್ರಶ್ನೆಯನ್ನೇ ಕೇಳುತ್ತಾರೆ: "ಅಡಿಕೆಗೆ ಔಷಧಿ ಯಾವಾಗ ಹೊಡೀಬೇಕು?"

ಹಾಗಾಗಿ ಕೈಯಾರೆ ಹುಡುಕಬೇಕು. ಗೂಗಲ್‌ನ ಹುಡುಕು ಪೆಟ್ಟಿಗೆಯಲ್ಲಿ "ಅಡಿಕೆ ಕೊಳೆರೋಗ" ಬರೆದು ಎಂಟರ್ ಒತ್ತದೆ ನಿಲ್ಲಿ. ಕೆಳಗೆ ತಾನಾಗಿ ಬರುವ ಸಲಹೆಗಳನ್ನು ಬರೆದುಕೊಳ್ಳಿ. ಆಮೇಲೆ ಅದೇ ಪದವನ್ನು ಇಂಗ್ಲಿಷ್ ಅಕ್ಷರದಲ್ಲಿ ಹಾಕಿ ನೋಡಿ. ಹುಡುಕಿದ ಪುಟದಲ್ಲಿ ಬೇರೆಯವರು ಕೇಳಿದ ಪ್ರಶ್ನೆಗಳು ಕಾಣಿಸಿದರೆ ಅವನ್ನೂ ಸೇರಿಸಿಕೊಳ್ಳಿ. ನಿಮ್ಮದೇ ವೆಬ್‌ಸೈಟ್ ಇದ್ದರೆ ಸರ್ಚ್ ಕನ್ಸೋಲ್ ತೆರೆದು, ಹೋದ ವರ್ಷದ ಮೇಯಿಂದ ಆಗಸ್ಟ್‌ವರೆಗಿನ ಹುಡುಕಾಟಗಳನ್ನು ನೋಡಿ. ಇದು ಎಲ್ಲಕ್ಕಿಂತ ನಂಬಿಕೆಯ ಮೂಲ, ಯಾಕೆಂದರೆ ನಿಮ್ಮ ಓದುಗರೇ ಬರೆದ ಪದಗಳು ಅಲ್ಲಿರುತ್ತವೆ. ತೀರಾ ಅಪರೂಪದ ಹುಡುಕಾಟಗಳನ್ನು ಅದು ತೋರಿಸುವುದಿಲ್ಲ ಅನ್ನುವುದು ನೆನಪಿರಲಿ.

ಸಿಕ್ಕಿದ್ದನ್ನೆಲ್ಲ ಬ್ರೀಫಿಗೆ ಸುರಿಯಬೇಡಿ. ಮುಖ್ಯ ಕೀವರ್ಡ್ ಒಂದು, ಜೊತೆಗೆ ಮೂರು ನಾಲ್ಕು ಪ್ರಶ್ನೆಗಳು, ಇಷ್ಟು ಸಾಕು. ಒಂದೊಂದು ಪ್ರಶ್ನೆಯೂ ಲೇಖನದ ಒಂದೊಂದು ಉಪಶೀರ್ಷಿಕೆ ಆಗಬಹುದು. ಇಪ್ಪತ್ತು ಕೀವರ್ಡ್ ಕೊಟ್ಟರೆ ಬರಹಗಾರರು ಇಪ್ಪತ್ತನ್ನೂ ಹೇಗಾದರೂ ಮಾಡಿ ತುರುಕುತ್ತಾರೆ. ಅದು ಓದಲು ಆಗುವುದಿಲ್ಲ.

ತುರುಕುವ ಮಾತು ಬಂತಲ್ಲ, ಒಂದು ಉದಾಹರಣೆ ನೋಡಿ. ಕೀವರ್ಡ್ "ಅಡಿಕೆ ಕೊಳೆರೋಗ ಔಷಧಿ" ಅಂತ ಕೊಟ್ಟು ಸುಮ್ನೆ ಬಿಟ್ಟರೆ ಹೀಗೆ ಬರುತ್ತದೆ: "ಅಡಿಕೆ ಕೊಳೆರೋಗ ಔಷಧಿ ಬಗ್ಗೆ ತಿಳಿಯಲು ಬಯಸುವ ರೈತರು ಅಡಿಕೆ ಕೊಳೆರೋಗ ಔಷಧಿ ಸಿಂಪಡಿಸುವ ಮುನ್ನ..." ಕನ್ನಡದಲ್ಲಿ ಪದಕ್ಕೆ ವಿಭಕ್ತಿ ಸೇರುತ್ತದೆ. "ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಔಷಧಿ" ಅಂತ ಬರೆದರೆ ಹುಡುಕುವವರಿಗೂ ಅರ್ಥವಾಗುತ್ತದೆ, ಓದುವವರಿಗೂ ಹಿತ. ಹಾಗಾಗಿ ನನ್ನ ಬ್ರೀಫಿನಲ್ಲಿ ಕೀವರ್ಡ್‌ಗಳ ಕೆಳಗೆ ಯಾವಾಗಲೂ ಈ ಸಾಲು ಇರುತ್ತದೆ: "ಮುಖ್ಯ ಕೀವರ್ಡ್ ಶೀರ್ಷಿಕೆಯಲ್ಲಿ ಮತ್ತು ಮೊದಲ ಪ್ಯಾರಾದಲ್ಲಿ ಒಂದೊಂದು ಸಲ ಬರಲಿ. ಉಳಿದ ಕಡೆ ವಾಕ್ಯಕ್ಕೆ ಹೊಂದುವ ರೂಪದಲ್ಲಿ ಬಳಸಿ. ಕಾಗುಣಿತದ ಬೇರೆ ಬೇರೆ ರೂಪಗಳನ್ನು ಲೇಖನದ ಒಳಗೆ ತರಬೇಡಿ. ಒಂದೇ ರೂಪ ಇಟ್ಟುಕೊಳ್ಳಿ." ಇಂಗ್ಲಿಷ್ ಅಕ್ಷರದ ರೂಪವನ್ನು ಪುಟದ ವಿಳಾಸದಲ್ಲಿ ಬಳಸಬಹುದು. ಅದು ಪ್ರಕಟಿಸುವವರ ಕೆಲಸ, ಬರಹಗಾರರ ತಲೆಗೆ ಹಾಕುವುದು ಬೇಡ.

ಕೀವರ್ಡ್‌ನ ಹಿಂದೆ ಏನು ಬೇಕಾಗಿದೆ ಅನ್ನುವುದನ್ನೂ ನೋಡಿ. "ಅಡಿಕೆ ರೋಗ" ಅಂತ ಹುಡುಕುವವರಲ್ಲಿ ಹಲವರಿಗೆ ತಮ್ಮ ತೋಟಕ್ಕೆ ಬಂದದ್ದು ಯಾವ ರೋಗ ಅಂತಲೇ ಗೊತ್ತಿರುವುದಿಲ್ಲ. ಅವರಿಗೆ ಫೋಟೋ ಬೇಕು, ಗುರುತು ಬೇಕು. "ಬೋರ್ಡೋ ದ್ರಾವಣ ತಯಾರಿಸುವ ವಿಧಾನ" ಅಂತ ಹುಡುಕುವವರಿಗೆ ರೋಗ ಗೊತ್ತಿದೆ, ಔಷಧಿಯೂ ಗೊತ್ತಿದೆ, ಕಲಸುವ ಕ್ರಮ ಮಾತ್ರ ಬೇಕು. ನಮ್ಮ ಆ್ಯಂಗಲ್‌ಗೆ ಹೊಂದುವುದು ಎರಡನೆಯದು. ಮೊದಲನೆಯದನ್ನು ಜಾಸ್ತಿ ಜನ ಹುಡುಕಬಹುದು. ಆದರೂ ಅದನ್ನು ಬಿಡಬೇಕು. ಓದುಗರನ್ನು ಮೊದಲು ತೀರ್ಮಾನ ಮಾಡಿದ್ದರ ಲಾಭ ಇಲ್ಲಿ ಗೊತ್ತಾಗುತ್ತದೆ.

## ಹೆಜ್ಜೆ 4: ಮೂಲಗಳು

"ನಂಬಿಕೆಯ ಮೂಲಗಳನ್ನು ಬಳಸಿ" ಅಂತ ಬರೆಯುವುದು ಸಾಕಾಗುವುದಿಲ್ಲ. ಯಾವ ಸಂಗತಿಯನ್ನು ಎಲ್ಲಿಂದ ತೆಗೆದುಕೊಳ್ಳಬೇಕು ಅನ್ನುವುದನ್ನು ಹೆಸರು ಹಿಡಿದು ಹೇಳಬೇಕು.

ಕೊಳೆರೋಗಕ್ಕೆ ನಮ್ಮ ಸುತ್ತಮುತ್ತಲೇ ಒಳ್ಳೆಯ ಮೂಲಗಳಿವೆ. ಶಿವಮೊಗ್ಗದ ನವುಲೆಯಲ್ಲಿ ಅಡಿಕೆ ಸಂಶೋಧನಾ ಕೇಂದ್ರ ಮತ್ತು ಕೃಷಿ ವಿಜ್ಞಾನ ಕೇಂದ್ರ ಇವೆ. ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯ ಇದೆ. ಕಾಸರಗೋಡಿನ ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆ ಮತ್ತು ವಿಟ್ಲದಲ್ಲಿರುವ ಅದರ ಪ್ರಾದೇಶಿಕ ಕೇಂದ್ರ ಅಡಿಕೆಯ ಮೇಲೆ ದಶಕಗಳಿಂದ ಕೆಲಸ ಮಾಡಿವೆ. ತಾಲ್ಲೂಕಿನ ತೋಟಗಾರಿಕೆ ಇಲಾಖೆ ಇದೆ. ಅಳತೆ, ಅಂತರ, ಸಮಯ, ಈ ಮೂರೂ ಇವರ ಶಿಫಾರಸಿನಿಂದಲೇ ಬರಬೇಕು ಅಂತ ಬ್ರೀಫಿನಲ್ಲಿ ಖಡಾಖಂಡಿತ ಹೇಳಿ.

ಬೆಳೆಗಾರರ ಅನುಭವ ಬೇಡವೇ? ಬೇಕು, ಖಂಡಿತ ಬೇಕು. ಆದರೆ ಅದು ಅನುಭವವಾಗಿಯೇ ಬರಬೇಕು. "ಹೊಸನಗರ ಕಡೆಯ ಬೆಳೆಗಾರರೊಬ್ಬರು ಮೊದಲ ಮಳೆ ಬಿದ್ದ ಮೇಲೇ ಹೊಡೆಯುತ್ತಾರೆ" ಅನ್ನುವುದು ಅವರ ರೂಢಿ. ಅದನ್ನು "ಮೊದಲ ಮಳೆ ಬಿದ್ದ ಮೇಲೆ ಹೊಡೆಯಬೇಕು" ಅಂತ ಬರೆದರೆ ಶಿಫಾರಸು ಆಗಿಬಿಡುತ್ತದೆ. ಸಂಶೋಧನಾ ಸಂಸ್ಥೆಗಳು ಹೇಳುವುದು ಮಳೆಗಾಲ ಹಿಡಿಯುವ ಮೊದಲೇ ಮೊದಲ ಸಿಂಪಡಣೆ ಆಗಬೇಕು, 40ರಿಂದ 45 ದಿನ ಬಿಟ್ಟು ಎರಡನೆಯದು ಅಂತ. ಎರಡೂ ಮಾತು ಲೇಖನದಲ್ಲಿ ಇರಬಹುದು, ಯಾವುದು ಯಾರ ಮಾತು ಅನ್ನುವುದು ಮಾತ್ರ ಗೊಂದಲ ಆಗಬಾರದು.

ಬೇಡದ ಮೂಲಗಳನ್ನೂ ಬರೆಯಿರಿ. ಔಷಧಿ ಮಾರುವವರ ವಿಡಿಯೋ ಬೇಡ. ಎಲ್ಲಿಂದ ಬಂತು ಅಂತ ಹೇಳದ ವೆಬ್‌ಸೈಟ್ ಬೇಡ. ಫಾರ್ವರ್ಡ್ ಆಗಿ ಬಂದ ಪಿಡಿಎಫ್‌ನಲ್ಲಿ ಸಂಸ್ಥೆಯ ಹೆಸರು ಮತ್ತು ವರ್ಷ ಇಲ್ಲದಿದ್ದರೆ ಅದೂ ಬೇಡ.

ಅಂಕಿಗಳ ವಿಷಯದಲ್ಲಿ ನಾನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತೇನೆ. ತಪ್ಪಾದರೆ ತೋಟಕ್ಕೆ ಹಾನಿಯಾಗುವ ಅಂಕಿಗಳನ್ನು ನಾನೇ ಹುಡುಕಿ, ಪರಿಶೀಲಿಸಿ ಬ್ರೀಫಿನಲ್ಲಿ ಬರೆದುಕೊಡುತ್ತೇನೆ. ಬರಹಗಾರರು ಅದನ್ನು ಬದಲಿಸುವ ಹಾಗಿಲ್ಲ, ಅನುಮಾನ ಬಂದರೆ ಕೇಳಬೇಕು. ಯಾಕೆ ಇಷ್ಟು ಬಿಗಿ ಅಂದರೆ, ಅಳತೆ ತಪ್ಪಾಗುವುದು ಬರೆಯುವಾಗಲ್ಲ, ಪರಿವರ್ತನೆ ಮಾಡುವಾಗ. ಶಿಫಾರಸು ಇರುವುದು 100 ಲೀಟರಿಗೆ. ತೋಟದಲ್ಲಿ ಇರುವುದು 200 ಲೀಟರಿನ ಡ್ರಮ್. ಒಬ್ಬ ಬೆಳೆಗಾರರು ಫೋನಿನಲ್ಲಿ ಹೇಳಿದ್ದು ಹೀಗೆ: "ಮಾರಾಯ್ರೇ, ನೂರು ಲೀಟರ್ ಲೆಕ್ಕ ಪುಸ್ತಕದಲ್ಲಿ ಇರಲಿ. ನಮಗೆ ಡ್ರಮ್ ಲೆಕ್ಕ ಹೇಳಿ." ಅವರು ಹೇಳಿದ್ದು ಸರಿಯೇ. ಡ್ರಮ್ ಲೆಕ್ಕವನ್ನು ಬ್ರೀಫಿನಲ್ಲೇ ಕೊಟ್ಟರೆ 1 ಕಿಲೋವನ್ನು 200 ಲೀಟರಿಗೆ ಹಾಕಿ ಅರ್ಧ ಶಕ್ತಿಯ ದ್ರಾವಣ ಮಾಡುವ ಅಪಾಯ ಇರುವುದಿಲ್ಲ.

ತಜ್ಞರ ಜೊತೆ ಮಾತಾಡಿಸುವುದಿದ್ದರೆ ಕೇಳಬೇಕಾದ ಪ್ರಶ್ನೆಯನ್ನೂ ಬರೆದುಕೊಡಿ. "ಕೊಳೆರೋಗದ ಬಗ್ಗೆ ಹೇಳಿ ಸರ್" ಅಂದರೆ ಇಡೀ ಪಾಠವೇ ಬರುತ್ತದೆ. "ಅಂಗಡಿಯಲ್ಲಿ ಸಿಗುವ ಸುಣ್ಣದ ಪುಡಿ ಬಳಸಿದರೆ ಅಳತೆ ಬದಲಾಗುತ್ತದಾ ಸರ್?" ಅಂದರೆ ಬೇಕಾದ ಉತ್ತರ ಬರುತ್ತದೆ. ಅಂಕಿ ಹೇಳಿದರೆ ಅದನ್ನು ವಾಪಸ್ ಓದಿ ಹೇಳಿ ಖಚಿತ ಮಾಡಿಕೊಳ್ಳಬೇಕು ಅನ್ನುವ ಸೂಚನೆಯೂ ಇರಲಿ.

## ಪೂರ್ತಿ ಬ್ರೀಫ್ ಹೀಗಿರುತ್ತದೆ

ಮೇಲಿನ ನಾಲ್ಕು ಹೆಜ್ಜೆ ಆದ ಮೇಲೆ ಬರೆಯುವುದು ಅರ್ಧ ಗಂಟೆಯ ಕೆಲಸ. ಕೆಳಗಿರುವುದು ಹಾಗೇ ಕಳಿಸಬಹುದಾದ ಬ್ರೀಫ್.

ಕೆಲಸದ ಶೀರ್ಷಿಕೆ: ಬೋರ್ಡೋ ದ್ರಾವಣ ಸರಿಯಾಗಿದೆಯೇ? ಹೊಡೆಯುವ ಮೊದಲು ಪರೀಕ್ಷಿಸಿ (ಕೊನೆಯ ಶೀರ್ಷಿಕೆ ಬದಲಾಗಬಹುದು)

ಓದುಗರು: ತೀರ್ಥಹಳ್ಳಿ, ಹೊಸನಗರ, ಸಾಗರ ಕಡೆಯ ಸಣ್ಣ ಅಡಿಕೆ ಬೆಳೆಗಾರರು. ಔಷಧಿ ಹೊಡೆಯಲು ಬೇರೆಯವರನ್ನು ಕರೆಸುತ್ತಾರೆ, ದ್ರಾವಣ ಕಲಸುವುದನ್ನು ತಾವು ನೋಡಿಕೊಳ್ಳುತ್ತಾರೆ. ಕೊಳೆರೋಗ ಅಂದರೇನು ಅಂತ ಅವರಿಗೆ ವಿವರಿಸಬೇಕಾಗಿಲ್ಲ. ಹುಡುಕಿ ಕಳಿಸುವವರು ಮನೆಯ ಮಕ್ಕಳಿರಬಹುದು.

ಓದಿದ ಮೇಲೆ: ದ್ರಾವಣ ಪಂಪಿಗೆ ಹೋಗುವ ಮೊದಲು ಚಾಕು ಪರೀಕ್ಷೆ ಮಾಡುತ್ತಾರೆ, ಸುಣ್ಣ ಕಡಿಮೆ ಇದ್ದರೆ ಸರಿಪಡಿಸುತ್ತಾರೆ.

ಆ್ಯಂಗಲ್: ಅಳತೆ ಸರಿ ಇದ್ದ ಮಾತ್ರಕ್ಕೆ ದ್ರಾವಣ ಸರಿ ಇರಬೇಕೆಂದಿಲ್ಲ. "ಯಾವಾಗಲೂ ಸಮ ಸಮ ಹಾಕಿದ್ದೇವೆ, ಏನೂ ಆಗಿಲ್ಲ" ಅನ್ನುವ ಬೆಳೆಗಾರರಿಗೆ ಲೇಖನದ ಒಳಗೇ ಉತ್ತರ ಇರಲಿ.

ಬೇಡ: ಬೇರೆ ರೋಗಗಳು, ಧಾರಣೆ, ಇತಿಹಾಸ, ಕೂಲಿಯ ದರ (ಊರಿಂದ ಊರಿಗೆ ಬದಲಾಗುತ್ತದೆ), ಯಾವುದೇ ಕಂಪನಿಯ ಅಥವಾ ಬ್ರ್ಯಾಂಡಿನ ಹೆಸರು.

ಮುಖ್ಯ ಕೀವರ್ಡ್: ಬೋರ್ಡೋ ದ್ರಾವಣ ತಯಾರಿಸುವ ವಿಧಾನ

ಉತ್ತರ ಇರಲೇಬೇಕಾದ ಪ್ರಶ್ನೆಗಳು: ಡ್ರಮ್ಮಿಗೆ ಎಷ್ಟು ಮೈಲುತುತ್ತ, ಎಷ್ಟು ಸುಣ್ಣ? ಯಾವುದನ್ನು ಯಾವುದಕ್ಕೆ ಸುರಿಯಬೇಕು? ಸುಣ್ಣ ಕಡಿಮೆಯಾದದ್ದು ಹೇಗೆ ಗೊತ್ತಾಗುತ್ತದೆ? ಕಲಸಿದ ದ್ರಾವಣವನ್ನು ನಾಳೆಗೆ ಇಡಬಹುದೇ?

ಬದಲಿಸಬಾರದ ಸಂಗತಿಗಳು: ಶೇಕಡಾ 1ರ ದ್ರಾವಣ. 200 ಲೀಟರ್ ಡ್ರಮ್ಮಿಗೆ 2 ಕಿಲೋ ಮೈಲುತುತ್ತ, 2 ಕಿಲೋ ಸುಣ್ಣ. ಎರಡನ್ನೂ ಬೇರೆ ಬೇರೆಯಾಗಿ ನೂರು ನೂರು ಲೀಟರ್ ನೀರಿನಲ್ಲಿ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಕಲಕುತ್ತಾ ಸುರಿಯಬೇಕು. ಕಬ್ಬಿಣದ ಪಾತ್ರೆ ಬಳಸಬಾರದು, ಪ್ಲಾಸ್ಟಿಕ್ ಆಗಬಹುದು. ಕಲಸಿದ ದಿನವೇ ಬಳಸಿ ಮುಗಿಸಬೇಕು.

ಮೂಲಗಳು: ಅಳತೆ ಮತ್ತು ಸಮಯಕ್ಕೆ ವಿಶ್ವವಿದ್ಯಾಲಯ ಹಾಗೂ ಕೇಂದ್ರೀಯ ಸಂಸ್ಥೆಯ ಶಿಫಾರಸು (ಪ್ರತಿ ಜೊತೆಗಿದೆ). ನವುಲೆಯ ಅಡಿಕೆ ಸಂಶೋಧನಾ ಕೇಂದ್ರದ ತಜ್ಞರೊಬ್ಬರ ಜೊತೆ ಮಾತು. ಸುಣ್ಣದ ಗುಣಮಟ್ಟದ ಬಗ್ಗೆ ಮಾತ್ರ ಕೇಳಿ. ಇಬ್ಬರು ಬೆಳೆಗಾರರ ಅನುಭವ; ಹೆಸರು ಹಾಕಲು ಅವರ ಒಪ್ಪಿಗೆ ಬೇಕು. ಡ್ರಾಫ್ಟ್‌ನಲ್ಲಿ ಪ್ರತಿ ಅಂಕಿಯ ಪಕ್ಕ ಅದರ ಮೂಲವನ್ನು ಕಮೆಂಟ್ ಆಗಿ ಹಾಕಿ. ಪ್ರಕಟಿಸುವಾಗ ನಾವು ತೆಗೆಯುತ್ತೇವೆ.

ರೂಪ: 800ರಿಂದ 1,000 ಪದ. ಕಲಸುವ ಕ್ರಮ ಮತ್ತು ಪರೀಕ್ಷೆ ಒಂದೇ ಸ್ಕ್ರೀನ್‌ಶಾಟ್‌ನಲ್ಲಿ ಹಿಡಿಯಬೇಕು. ಚಾಕು ಪರೀಕ್ಷೆಯ ಎರಡು ಫೋಟೋ: ಲೇಪ ಬಂದದ್ದು, ಬಾರದ್ದು. ತೋಟದವರು ಬಳಸುವ ಮಾತೇ ಇರಲಿ.

ದಿನಾಂಕ ಮತ್ತು ಹಣ: ಮೊದಲ ಪ್ಯಾರಾ ಮತ್ತು ಉಪಶೀರ್ಷಿಕೆಗಳು ಏಪ್ರಿಲ್ 15ಕ್ಕೆ. ಪೂರ್ತಿ ಡ್ರಾಫ್ಟ್ ಏಪ್ರಿಲ್ 30ಕ್ಕೆ. ತಿದ್ದುಪಡಿ ಎರಡು ಸುತ್ತು. ಸಂಭಾವನೆ ಇಷ್ಟು, ಲೇಖನ ಒಪ್ಪಿದ ಹದಿನೈದು ದಿನದೊಳಗೆ. ಫೋನ್, ಓಡಾಟದ ಖರ್ಚು ಬೇರೆ.

ಸಂಭಾವನೆಯ ಜಾಗದಲ್ಲಿ "ಇಷ್ಟು" ಅಂತ ನಾನಿಲ್ಲಿ ಬಿಟ್ಟಿದ್ದೇನೆ. ನೀವು ಅಂಕಿ ಬರೆಯಲೇಬೇಕು. ಹಣದ ಮಾತನ್ನು ಫೋನಿಗೆ ಬಿಟ್ಟುಕೊಂಡರೆ ಆಮೇಲೆ ಇಬ್ಬರಿಗೂ ಮುಜುಗರ. ಬ್ರೀಫಿನ ಆಚೆಗಿನ ಕೆಲಸ ಕೇಳಿದರೆ ಅದಕ್ಕೆ ಬೇರೆ ಹಣ ಅನ್ನುವುದೂ ಇದರಿಂದ ತಾನಾಗೇ ಸ್ಪಷ್ಟವಾಗುತ್ತದೆ.

ದಿನಾಂಕಗಳನ್ನು ಹಿಂದಿನಿಂದ ಲೆಕ್ಕ ಹಾಕಿ. ಮುಂಗಾರು ಕೇರಳಕ್ಕೆ ಬರುವ ವಾಡಿಕೆಯ ದಿನ ಜೂನ್ 1, ಅಲ್ಲಿಂದ ಕೆಲವೇ ದಿನದಲ್ಲಿ ನಮ್ಮ ಕಡೆ. ಬೆಳೆಗಾರರು ಮೇ ಕೊನೆಯಲ್ಲಿ ಮೈಲುತುತ್ತ, ಸುಣ್ಣ ತಂದಿಟ್ಟುಕೊಳ್ಳುತ್ತಾರೆ. ಲೇಖನ ಮೇ ಮಧ್ಯದಲ್ಲಿ ಪ್ರಕಟವಾದರೆ ಅವರು ಸುಣ್ಣ ಕೊಳ್ಳುವ ಮೊದಲೇ ಓದುತ್ತಾರೆ. ಜೂನ್ 10ಕ್ಕೆ ಬಂದರೆ ಎಷ್ಟು ಚೆನ್ನಾಗಿದ್ದರೂ ಆ ವರ್ಷದ ಮೊದಲ ಸಿಂಪಡಣೆಗೆ ಉಪಯೋಗ ಇಲ್ಲ.

## ಕಳಿಸಿದ ಮೇಲೆ

ಬ್ರೀಫ್ ಕಳಿಸಿ ಸುಮ್ಮನಾಗಬೇಡಿ. ಒಂದು ಫೋನ್ ಮಾಡಿ, "ಈ ಲೇಖನ ಏನು ಹೇಳುತ್ತೆ, ಎರಡು ವಾಕ್ಯದಲ್ಲಿ ಹೇಳಿ ನೋಡೋಣ" ಅಂತ ಬರಹಗಾರರನ್ನು ಕೇಳಿ. "ಕೊಳೆರೋಗ ತಡೆಯುವುದು ಹೇಗೆ ಅಂತ ಹೇಳುತ್ತೆ ಸರ್" ಅಂದರೆ ನಿಮ್ಮ ಆ್ಯಂಗಲ್ ಅವರಿಗೆ ತಲುಪಿಲ್ಲ. "ಸುಣ್ಣ ಕೆಟ್ಟಿದ್ದರೆ ಅಳತೆ ಸರಿ ಇದ್ದೂ ಪ್ರಯೋಜನ ಇಲ್ಲ, ಚಾಕು ಅದ್ದಿ ನೋಡಿ ಅಂತ" ಅಂದರೆ ಕೆಲಸ ಶುರು ಮಾಡಬಹುದು. ಬರಹಗಾರರು ತಿರುಗಿ ಪ್ರಶ್ನೆ ಕೇಳಿದರೆ ಅದನ್ನು ಒಳ್ಳೆಯದು ಅಂತಲೇ ತೆಗೆದುಕೊಳ್ಳಿ. ಉತ್ತರವನ್ನು ಫೋನಿನಲ್ಲಿ ಹೇಳಿದ್ದರೂ ಬ್ರೀಫಿಗೆ ಸೇರಿಸಿ ಮತ್ತೆ ಕಳಿಸಿ. ಇಲ್ಲದಿದ್ದರೆ ಎರಡು ವಾರದ ಮೇಲೆ ಯಾರು ಏನು ಹೇಳಿದ್ದರು ಅಂತ ಇಬ್ಬರಿಗೂ ನೆನಪಿರುವುದಿಲ್ಲ.

ಡ್ರಾಫ್ಟ್ ಬಂದಾಗ ಅದರ ತೊಂದರೆ ಬ್ರೀಫಿನ ಯಾವ ಭಾಗದಿಂದ ಬಂತು ಅಂತ ಹೇಳುವುದು ಕಷ್ಟವಲ್ಲ. ಮೊದಲ ಮೂರು ಪ್ಯಾರಾ ಪೀಠಿಕೆಯಲ್ಲೇ ಕಳೆದಿದ್ದರೆ ಓದುಗರಿಗೆ ಈಗಾಗಲೇ ಏನು ಗೊತ್ತು ಅಂತ ನೀವು ಹೇಳಿರಲಿಲ್ಲ. ಉಪಶೀರ್ಷಿಕೆಗಳು ಗೂಗಲ್‌ನಲ್ಲಿ ಮೊದಲು ಬರುವ ಲೇಖನದ ಹಾಗೇ ಇದ್ದರೆ ಆ್ಯಂಗಲ್ ಗಟ್ಟಿ ಇರಲಿಲ್ಲ. ಒಂದೇ ಪದ ಪ್ಯಾರಾಕ್ಕೆ ಮೂರು ಸಲ ಬಂದಿದ್ದರೆ ಕೀವರ್ಡ್ ಕೊಟ್ಟಿದ್ದೀರಿ, ಬಳಸುವ ರೀತಿ ಹೇಳಿಲ್ಲ. "ತಜ್ಞರ ಪ್ರಕಾರ" ಅಂತ ಹೆಸರಿಲ್ಲದ ತಜ್ಞರು ಬಂದಿದ್ದರೆ ಮೂಲಗಳ ಭಾಗ ಸಡಿಲವಾಗಿತ್ತು. ಇಂಥ ತೊಂದರೆ ಕಂಡಾಗ ಡ್ರಾಫ್ಟ್ ಜೊತೆಗೆ ಬ್ರೀಫನ್ನೂ ತಿದ್ದಿಡಿ. ಬ್ರೀಫ್ ಸರಿ ಇದ್ದೂ ಡ್ರಾಫ್ಟ್ ಅದನ್ನು ಬಿಟ್ಟು ಹೋಗಿದ್ದರೆ, "ಆ್ಯಂಗಲ್ ಭಾಗದ ಎರಡನೇ ಸಾಲು ಲೇಖನದಲ್ಲಿ ಬಂದಿಲ್ಲ" ಅಂತ ನೇರವಾಗಿ ತೋರಿಸಿ. "ಇನ್ನೂ ಚೆನ್ನಾಗಿ ಮಾಡಿ" ಅನ್ನುವುದರಿಂದ ಯಾರಿಗೂ ಏನೂ ಗೊತ್ತಾಗುವುದಿಲ್ಲ.

ಬ್ರೀಫ್ ಎಷ್ಟು ಉದ್ದ ಇರಬೇಕು ಅಂತ ಹಲವರು ಕೇಳುತ್ತಾರೆ. ಅಚ್ಚು ಹಾಕಿದರೆ ಒಂದೂವರೆ ಪುಟ ದಾಟದ ಹಾಗೆ ನೋಡಿಕೊಳ್ಳಿ. ಅದಕ್ಕಿಂತ ಉದ್ದವಾದರೆ ನೀವೇ ಲೇಖನ ಬರೆಯಲು ಹೊರಟಿದ್ದೀರಿ ಅಂತಲೇ. ವಾಕ್ಯ ಹೇಗೆ ಶುರುವಾಗಬೇಕು, ಯಾವ ಬೆಳೆಗಾರರ ಮಾತು ಮೊದಲು ಬರಬೇಕು, ಇದೆಲ್ಲ ಬರಹಗಾರರ ಜಾಗ. ಹಾಗೆಯೇ ತೋಟಕ್ಕೆ ಹೋಗಿ ಬಂದ ಬರಹಗಾರರು "ಸರ್, ಇಲ್ಲಿ ಸುಣ್ಣದ ತೊಂದರೆಗಿಂತ ನೀರಿನ ತೊಂದರೆ ಜಾಸ್ತಿ ಇದೆ" ಅಂದರೆ ಕೂತು ಕೇಳಿ. ನಾವು ಕಚೇರಿಯಲ್ಲಿ ಕೂತು ಬರೆದ ಆ್ಯಂಗಲ್ ಆಗ ಬದಲಾಗಬಹುದು. ಬದಲಾದರೆ ಬ್ರೀಫ್ ಮತ್ತೆ ಬರೆಯಿರಿ, ದಿನಾಂಕ ಮುಂದೆ ಹೋಗುವುದಿದ್ದರೆ ಅದನ್ನೂ ಒಪ್ಪಿಕೊಂಡು ಬರೆಯಿರಿ.

ಲೇಖನ ಪ್ರಕಟವಾಗಿ ಜುಲೈ ಹೊತ್ತಿಗೆ ಸರ್ಚ್ ಕನ್ಸೋಲ್ ಮತ್ತೊಮ್ಮೆ ತೆರೆದು, ಆ ಪುಟಕ್ಕೆ ಜನ ಯಾವ ಪ್ರಶ್ನೆ ಹಿಡಿದು ಬಂದರು ಅಂತ ನೋಡಿ. "ಮಳೆ ಬಿಡದಿದ್ದರೆ ಎರಡನೇ ಸಲ ಯಾವಾಗ ಹೊಡೆಯಬೇಕು" ಅನ್ನುವ ಹುಡುಕಾಟ ಅಲ್ಲಿ ಮತ್ತೆ ಮತ್ತೆ ಕಾಣಿಸಿದರೆ ನಿಮ್ಮ ಮುಂದಿನ ಬ್ರೀಫಿನ ಓದುಗರು, ಪ್ರಶ್ನೆ ಎರಡೂ ಸಿಕ್ಕಿದ ಹಾಗೆ. ಅದನ್ನು ಅದೇ ದಿನ ಒಂದು ಹೊಸ ಫೈಲಿನಲ್ಲಿ ಬರೆದು, ನವುಲೆಗೆ ಫೋನ್ ಮಾಡಿ.